ಹಾಫ್‌ಲೈಫ್ 2.5 ಗಂಟೆ ಇರುವ ಜೆಂಟಾಮೈಸಿನ್ ದಿನಕ್ಕೆ ಒಂದೇ ಸಲ ಯಾಕೆ? (ಅಸೈನ್‌ಮೆಂಟ್ ಸಹಾಯ)

ಮೂರನೇ ವರ್ಷದವಳು

ಆಂಟಿಬಯಾಟಿಕ್ ಬಗ್ಗೆ ಅಸೈನ್‌ಮೆಂಟ್ ಬರೆಯುತ್ತಿದ್ದೇನೆ. ಔಷಧಿ ಹೇಗೆ ಕೆಲಸ ಮಾಡುತ್ತದೆ, ರೆಸಿಸ್ಟೆನ್ಸ್ ಹೇಗೆ ಬರುತ್ತದೆ, ಡೋಸ್ ಯಾವಾಗ ಯಾವಾಗ ಕೊಡಬೇಕು ಅಂತ ಹೇಗೆ ತೀರ್ಮಾನ ಮಾಡುತ್ತಾರೆ, ಈ ಮೂರೂ ಬರಬೇಕು. ಕೊನೆಯಲ್ಲಿ ಎರಡು ಲೆಕ್ಕ ಕೊಟ್ಟಿದ್ದಾರೆ.

ಒಂದು: ನ್ಯುಮೊಕಾಕಸ್ ಸೋಂಕು, ಅಮಾಕ್ಸಿಸಿಲಿನ್‌ಗೆ ಎಂಐಸಿ, ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, 1 ಮಿ.ಗ್ರಾಂ/ಲೀಟರ್, ಬಾಯಿಯಿಂದ 500 ಮಿ.ಗ್ರಾಂ. ಎರಡು: 60 ಕೆಜಿ ತೂಕದ ರೋಗಿ, ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ, ಜೆಂಟಾಮೈಸಿನ್‌ಗೆ ಎಂಐಸಿ 2. ಎರಡಕ್ಕೂ ಡೋಸ್ ನಡುವಿನ ಅಂತರ ಹೇಳಿ ಕಾರಣ ಕೊಡಬೇಕು.

ನಾನು ಬರೆದದ್ದು ಇಷ್ಟು. ಅಮಾಕ್ಸಿಸಿಲಿನ್ ಬೇಗ ಹೊರಗೆ ಹೋಗುತ್ತದೆ, ಹಾಫ್‌ಲೈಫ್ ಅಂದರೆ ಅರ್ಧ ಇಳಿಯಲು ಬೇಕಾದ ಹೊತ್ತು ಸುಮಾರು 1 ಗಂಟೆ, ಅದಕ್ಕೇ ದಿನಕ್ಕೆ 3 ಸಲ. ಜೆಂಟಾಮೈಸಿನ್ ಜಾಸ್ತಿ ಹೊತ್ತು ಉಳಿಯುತ್ತದೆ, ಅದಕ್ಕೇ ದಿನಕ್ಕೆ 1 ಸಲ. ಸರ್ ಎರಡನೇ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು "ಹಾಫ್‌ಲೈಫ್ ಎಷ್ಟು ಅಂತ ನೋಡಿದ್ದೀಯಾ?" ಅಂತ ಬರೆದು ವಾಪಸ್ ಕೊಟ್ಟರು. ನೋಡಿದೆ. 2ರಿಂದ 3 ಗಂಟೆ! ಅಂದರೆ ಅರ್ಧ ದಿನಕ್ಕೆಲ್ಲ ರಕ್ತದಲ್ಲಿ ಹೆಚ್ಚುಕಡಿಮೆ ಖಾಲಿ. ಮತ್ತೆ ಒಂದೇ ಸಲ ಕೊಟ್ಟರೆ ಉಳಿದ ಹೊತ್ತು ಬ್ಯಾಕ್ಟೀರಿಯಾ ಸುಮ್ನೆ ಕೂತಿರುತ್ತದಾ?

ಕೌಂಟರ್ ಹಿಂದೆ

ಇಪ್ಪತ್ತು ವರ್ಷದಿಂದ ಮೆಡಿಕಲ್ ಶಾಪ್‌ನಲ್ಲಿದ್ದೇನಮ್ಮ. ಜೆಂಟಾಮೈಸಿನ್ ತುಂಬಾ ಪವರ್‌ಫುಲ್ ಔಷಧಿ. ಕಿಡ್ನಿಗೆ ಪೆಟ್ಟು ಬೀಳುತ್ತದೆ ಅಂತ ದಿನಕ್ಕೆ ಒಂದೇ ಸಲ ಕೊಡುತ್ತಾರೆ. ಅಮಾಕ್ಸಿಸಿಲಿನ್ ಸೌಮ್ಯ, ಅದಕ್ಕೆ ಮೂರು ಸಲ ಕೊಟ್ಟರೂ ತೊಂದರೆ ಇಲ್ಲ. ಇಷ್ಟೇ ಉತ್ತರ.

ವಾರ್ಡ್ ಫಾರ್ಮಸಿಸ್ಟ್

ಕಿಡ್ನಿ ವಿಷಯ ಸರಿ ಸರ್, ಆದರೆ ಕಾರಣ ಅರ್ಧ ಮಾತ್ರ. ಒಂದೇ ಸಲ ಕೊಡುವಾಗ ದಿನದ ಒಟ್ಟು ಡೋಸ್ ಕಡಿಮೆ ಆಗುವುದಿಲ್ಲ. ಮೂರು ಪಾಲು ಮಾಡಿ ಕೊಡುತ್ತಿದ್ದುದನ್ನು ಒಟ್ಟಿಗೆ ಕೊಡುತ್ತಾರೆ, ಕೆಲವು ಸಲ ಅದಕ್ಕಿಂತ ಜಾಸ್ತಿಯೇ. ಪವರ್‌ಗೆ ಹೆದರಿದವರು ಹಾಗೆ ಮಾಡುತ್ತಾರಾ?

ಪ್ರಶ್ನೆ ಕೇಳಿದವರಿಗೆ: ನೀವು ಮೂರು ಭಾಗಗಳನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿರುತ್ತೀರಿ. ಎಡವಟ್ಟು ಆಗಿರುವುದು ಅಲ್ಲೇ. ಡೋಸ್ ಅಂತರದ ಉತ್ತರ ನಿಮ್ಮ ಮೊದಲನೇ ಭಾಗದಲ್ಲೇ ಇದೆ. ಹಾಫ್‌ಲೈಫ್ ಹೇಳುವುದು ಔಷಧಿ ಎಷ್ಟು ಬೇಗ ಇಳಿಯುತ್ತದೆ ಅಂತ ಮಾತ್ರ. ಇಳಿದ ಮೇಲೆ ಬ್ಯಾಕ್ಟೀರಿಯಾಗೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ.

ಅಮಾಕ್ಸಿಸಿಲಿನ್ ನೋಡಿ. ಗೋಡೆ ಹೊಲಿಯುವ ಎಂಜೈಮ್‌ಗಳಿಗೆ, ಅಂದರೆ ಪೆನಿಸಿಲಿನ್ ಅಂಟುವ ಪ್ರೋಟೀನ್‌ಗಳಿಗೆ, ಹೋಗಿ ಕಚ್ಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ, ಗೋಡೆ ಮಾತ್ರ ಸೇರುವುದಿಲ್ಲ, ಕೊನೆಗೆ ಒಡೆಯುತ್ತದೆ. ಇದಕ್ಕೆ ಹೊತ್ತು ಬೇಕು. ಇರುವ ಎಂಜೈಮ್‌ಗಳೆಲ್ಲ ತುಂಬಿದ ಮೇಲೆ ಇನ್ನೂ ಔಷಧಿ ಸುರಿದರೆ ಅದಕ್ಕೆ ಕೂರಲು ಜಾಗವೇ ಇಲ್ಲ. ಎಂಐಸಿಯ ನಾಲ್ಕೈದು ಪಟ್ಟು ಮುಟ್ಟಿದ ಮೇಲೆ ಕೊಲ್ಲುವ ವೇಗ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಎಷ್ಟು ಎತ್ತರ ಹೋಯಿತು ಅನ್ನುವುದಕ್ಕಿಂತ, ಎಂಐಸಿಗಿಂತ ಮೇಲೆ ಎಷ್ಟು ಹೊತ್ತು ಇತ್ತು ಅನ್ನುವುದೇ ಮುಖ್ಯ.

ಜೆಂಟಾಮೈಸಿನ್ ದಾರಿಯೇ ಬೇರೆ. ಅದು ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ 30ಎಸ್ ಭಾಗಕ್ಕೆ ಅಂಟಿ ಸಂದೇಶವನ್ನು ತಪ್ಪಾಗಿ ಓದಿಸುತ್ತದೆ. ತಪ್ಪು ಪ್ರೋಟೀನ್‌ಗಳು ಹೋಗಿ ಪೊರೆಯಲ್ಲಿ ಕೂತಾಗ ಪೊರೆ ಸೋರತೊಡಗುತ್ತದೆ. ಆ ಸೋರಿಕೆಯಲ್ಲಿ ಇನ್ನಷ್ಟು ಜೆಂಟಾಮೈಸಿನ್ ಒಳಗೆ ನುಗ್ಗುತ್ತದೆ. ಮೊದಲು ಹೋದ ಸ್ವಲ್ಪ ಔಷಧಿ ಹಿಂದೆ ಬರುವ ರಾಶಿಗೆ ಬಾಗಿಲು ತೆಗೆದುಕೊಟ್ಟಂತೆ. ಇಲ್ಲಿ ಎತ್ತರ ಹೆಚ್ಚಿದಷ್ಟೂ ಸಾವು ಬೇಗ. ರಕ್ತದಲ್ಲಿ ಔಷಧಿ ಇಳಿದ ಮೇಲೂ ಗಾಯಗೊಂಡ ಬ್ಯಾಕ್ಟೀರಿಯಾ ಕೆಲವು ಗಂಟೆ ಮೇಲೇಳುವುದಿಲ್ಲ.

ಈಗ ಲೆಕ್ಕ ನೀವೇ ಹಾಕಿ ತೋರಿಸಿ. ಉತ್ತರ ನಾನು ಕೊಟ್ಟರೆ ನಿಮ್ಮ ಸರ್‌ಗೆ ಗೊತ್ತಾಗುತ್ತದೆ 🙂

ಮೂಗು ಸೋರುವವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಹೋದ ತಿಂಗಳು ಶೀತ ಆಗಿತ್ತು. ಅಜಿತ್ರೊಮೈಸಿನ್ 3 ದಿನ, ದಿನಕ್ಕೆ ಒಂದು ಅಂತ ಕೊಟ್ಟರು. ಈ ಸಲ ಮತ್ತೆ ಶೀತ. ಹೋದ ಸಲದ್ದೇ ಕೆಲಸ ಮಾಡುತ್ತಿಲ್ಲ. ದಿನಕ್ಕೆ ಒಂದೇ ಆದ್ದರಿಂದ ಸಾಕಾಗಲಿಲ್ಲ ಅಂತ ಕಾಣುತ್ತದೆ. ನನ್ನ ದೇಹ ಔಷಧಿಗೆ ಒಗ್ಗಿಹೋಗಿದೆಯಾ? ಮೂರು ಸಲ ತಗೊಳ್ಳಬಹುದಾ?

ಪೆಟ್ರಿ ತಟ್ಟೆ

ಬೇಡ ಮಾರಾಯರೇ. ಬರೀ ಶೀತ ಆದರೆ ಅದು ವೈರಸ್. ಅದಕ್ಕೆ ಗೋಡೆಯೂ ಇಲ್ಲ, ತನ್ನದೇ ಆದ ರೈಬೋಸೋಮೂ ಇಲ್ಲ. ಆಂಟಿಬಯಾಟಿಕ್‌ಗೆ ಹಿಡಿಯಲು ಜಾಗವೇ ಇಲ್ಲ. ಹೋದ ಸಲವೂ ಅದು ಕೆಲಸ ಮಾಡಿರಲಿಲ್ಲ, ಶೀತ ತಾನಾಗಿ ಹೋಗಿತ್ತು. ಜ್ವರ, ಉಸಿರಾಟದ ತೊಂದರೆ ಇದ್ದರೆ ಡಾಕ್ಟರ್‌ಗೆ ತೋರಿಸಿ.

ಇನ್ನು "ದೇಹ ಒಗ್ಗುವುದು". ರೆಸಿಸ್ಟೆನ್ಸ್ ಬರುವುದು ಬ್ಯಾಕ್ಟೀರಿಯಾಗೆ, ಮನುಷ್ಯನಿಗಲ್ಲ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಸೂಕ್ಷ್ಮಜೀವಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಕಣ್ಣಾರೆ ನೋಡುವ ವಿಷಯ ಒಂದು ಹೇಳುತ್ತೇನೆ. ರಾತ್ರಿಯಿಡೀ ಬೆಳೆದ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 100 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅದನ್ನು ರಿಫಾಂಪಿಸಿನ್ ಬೆರೆಸಿದ ತಟ್ಟೆಗೆ ಸುರಿದರೆ ಮರುದಿನ ಪೂರ್ತಿ ಖಾಲಿ ಇರುವುದಿಲ್ಲ. ಹತ್ತೋ ಇಪ್ಪತ್ತೋ ಕಾಲೊನಿ ಎದ್ದಿರುತ್ತವೆ. 10 ಕೋಟಿಗೆ ಒಂದರಂತೆ ಅಂಥವು ಮೊದಲೇ ಅಲ್ಲಿದ್ದವು. ಔಷಧಿ ಅವನ್ನು ಹುಟ್ಟಿಸಲಿಲ್ಲ. ಮಿಕ್ಕವನ್ನೆಲ್ಲ ಕೊಂದು ಇವಕ್ಕೆ ಜಾಗ ಬಿಟ್ಟುಕೊಟ್ಟಿತು, ಅಷ್ಟೆ.

ಇದನ್ನು ಚೆಂದವಾಗಿ ತೋರಿಸಿದ್ದು 1952ರಲ್ಲಿ, ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್. ಔಷಧಿ ಇಲ್ಲದ ತಟ್ಟೆಯ ಮೇಲೆ ಮಖಮಲ್ ಬಟ್ಟೆ ಒತ್ತಿ, ಅದೇ ಅಚ್ಚನ್ನು ಔಷಧಿ ಇರುವ ತಟ್ಟೆಗೆ ಒತ್ತಿದರು. ಅಲ್ಲಿ ಯಾವ ಜಾಗದಲ್ಲಿ ಬ್ಯಾಕ್ಟೀರಿಯಾ ಬದುಕಿತೋ, ಮೂಲ ತಟ್ಟೆಯ ಅದೇ ಜಾಗದಿಂದ ತೆಗೆದವು ಔಷಧಿಯನ್ನು ಒಮ್ಮೆಯೂ ನೋಡದೆಯೇ ಅದಕ್ಕೆ ಬಗ್ಗದವಾಗಿದ್ದವು. ಅಸೈನ್‌ಮೆಂಟ್‌ಗೆ ಇದನ್ನು ಹಾಕಿ. ಚಿತ್ರ ಬರೆಯುವುದೂ ಸುಲಭ.

ಮೂಗು ಸೋರುವವ

ಓ, ಸರಿ. ಆದರೆ ದಿನಕ್ಕೆ ಒಂದೇ ಯಾಕೆ ಅಂತ ಯಾರೂ ಹೇಳಲಿಲ್ಲ.

ವಾರ್ಡ್ ಫಾರ್ಮಸಿಸ್ಟ್

ಒಳ್ಳೆಯ ಪ್ರಶ್ನೆಯೇ. ಅಜಿತ್ರೊಮೈಸಿನ್ ಜೀವಕೋಶಗಳ ಒಳಗೆ ಹೋಗಿ ಕೂರುತ್ತದೆ, ಮೆಲ್ಲಗೆ ಹೊರಗೆ ಬರುತ್ತದೆ. ಅದರ ಹಾಫ್‌ಲೈಫ್ ಗಂಟೆಗಳಲ್ಲ, ಎರಡು ಮೂರು ದಿನ. ಅಲ್ಲಿ ಮಾತ್ರ ನಮ್ಮ ವಿದ್ಯಾರ್ಥಿನಿ ಬರೆದ ವಾಕ್ಯ ಸರಿಹೊಂದುತ್ತದೆ. ಅದಕ್ಕೊಂದು ಕೆಟ್ಟ ಮುಖವೂ ಇದೆ. ಗುಳಿಗೆ ಮುಗಿದ ಮೇಲೂ ಎಷ್ಟೋ ದಿನ ಔಷಧಿ ಸಣ್ಣ ಪ್ರಮಾಣದಲ್ಲಿ ಉಳಿದಿರುತ್ತದೆ. ಪೂರ್ತಿ ಕೊಲ್ಲಲು ಸಾಲದು, ಬಲವಾದವನ್ನು ಆರಿಸಿ ಉಳಿಸಲು ಸಾಕು. ನಿಮ್ಮ ಶೀತಕ್ಕೆ ಅದು ಏನೂ ಮಾಡಲಿಲ್ಲ, ಗಂಟಲಲ್ಲಿ ಸುಮ್ಮನೆ ವಾಸ ಮಾಡುವ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಆ ಕೆಲಸ ನಡೆದಿರಬಹುದು.

ಮೂರನೇ ವರ್ಷದವಳು

ಲೆಕ್ಕ ಹಾಕಿದೆ. ಮೊದಲು ಅಮಾಕ್ಸಿಸಿಲಿನ್. 500 ಮಿ.ಗ್ರಾಂ ತಗೊಂಡರೆ ಸುಮಾರು ಒಂದೂವರೆ ಗಂಟೆಗೆ ತುದಿ ಮುಟ್ಟುತ್ತದೆ, 7 ಮಿ.ಗ್ರಾಂ/ಲೀಟರ್ ಅಂತ ಇಟ್ಟುಕೊಂಡೆ. ಗಂಟೆಗೊಮ್ಮೆ ಅರ್ಧ. 7, 3.5, 1.75, 0.88. ಎಂಐಸಿ 1 ಆದ್ದರಿಂದ ಮೂರು ಗಂಟೆಗೆ ಸ್ವಲ್ಪ ಮುಂಚೆ ಕೆಳಗಿಳಿಯಿತು. 8ರಲ್ಲಿ 3 ಗಂಟೆ ಕೂಡ ಇಲ್ಲ, ಶೇ. 35. ಇದು ಸಾಕಾ? ಎಂಟು ಗಂಟೆ ಪೂರ್ತಿ ಮೇಲಿರಬೇಕು ಅಂದುಕೊಂಡಿದ್ದೆ. ಹಾಗಾದರೆ ಮೂರು ಗಂಟೆಗೊಮ್ಮೆ ಕೊಡಬೇಕಾಗುತ್ತದಲ್ಲ!

ವಾರ್ಡ್ ಫಾರ್ಮಸಿಸ್ಟ್

ಎರಡು ಕಡೆ ಜಾರಿದ್ದೀರಿ. ಒಂದು, ಪ್ರೋಟೀನ್‌ಗೆ ಅಂಟಿಕೊಂಡ ಔಷಧಿ ಬ್ಯಾಕ್ಟೀರಿಯಾ ಹತ್ತಿರ ಹೋಗುವುದಿಲ್ಲ. ಅಮಾಕ್ಸಿಸಿಲಿನ್‌ನಲ್ಲಿ ಸುಮಾರು ಶೇ. 20 ಹಾಗೆ ಅಂಟಿರುತ್ತದೆ. ಅದನ್ನು ಕಳೆದರೆ ತುದಿ 7 ಅಲ್ಲ, 5.6. ಅಲ್ಲಿಂದ 2.8, 1.4, 0.7. ಅಂದರೆ ಸುಮಾರು ಎರಡೂವರೆ ಗಂಟೆಗೆ ಎಂಐಸಿ ದಾಟಿ ಕೆಳಗೆ. ಇನ್ನೊಂದು, ನೀವು ಇಳಿಯುವ ದಾರಿ ಮಾತ್ರ ಎಣಿಸಿದ್ದೀರಿ. ಗುಳಿಗೆ ನುಂಗಿದ ಮೇಲೆ ತುದಿಗೆ ಹತ್ತುವಾಗಲೂ ಅದು ಎಂಐಸಿ ದಾಟಿಯೇ ಹೋಗುತ್ತದೆ. ಅದಕ್ಕೆ ಅಂದಾಜು ಒಂದು ಗಂಟೆ ಸೇರಿಸಿ. ಒಟ್ಟು ಮೂರೂವರೆ ಗಂಟೆ. 8ರಲ್ಲಿ 3.5, ಶೇ. 44.

ಪೂರ್ತಿ ಹೊತ್ತು ಮೇಲಿರಬೇಕು ಅನ್ನುವುದು ಎಲ್ಲರೂ ಬೀಳುವ ಹಳ್ಳ. ಪೆನಿಸಿಲಿನ್ ಗುಂಪಿಗೆ ಶೇ. 40ರಿಂದ 50 ಹೊತ್ತು ಮೇಲಿದ್ದರೆ ಸಾಮಾನ್ಯವಾಗಿ ಸಾಕು. ದೇಹದ ಬಿಳಿ ರಕ್ತಕಣಗಳೂ ಕೈ ಜೋಡಿಸುತ್ತವೆ. ಅವು ಇಲ್ಲದ ರೋಗಿಗೆ, ಅಥವಾ ಐಸಿಯುನಲ್ಲಿರುವವರಿಗೆ, ಈ ಗುರಿ ಮೇಲೇರಿಸುತ್ತೇವೆ.

ಈಗ ಒಂದು ಕೆಲಸ ಮಾಡಿ. ಗುಳಿಗೆಯನ್ನು 1000 ಮಿ.ಗ್ರಾಂ ಮಾಡಿ ದಿನಕ್ಕೆ ಎರಡೇ ಸಲ ಕೊಡಿ. ಏನಾಗುತ್ತದೆ ನೋಡಿ.

ಮೂರನೇ ವರ್ಷದವಳು

ತುದಿ 11.2. ಅಲ್ಲಿಂದ 5.6ಕ್ಕೆ ಬರಲು ಒಂದು ಗಂಟೆ. ಆಮೇಲೆ ಹಳೆಯ ದಾರಿಯೇ. ಅಂದರೆ ಡೋಸ್ ಡಬಲ್ ಮಾಡಿದರೂ ಸಿಕ್ಕಿದ್ದು ಒಂದೇ ಒಂದು ಗಂಟೆ! ಒಟ್ಟು ನಾಲ್ಕೂವರೆ, ಎರಡು ಸಲಕ್ಕೆ ದಿನಕ್ಕೆ 9 ಗಂಟೆ. 500ನ್ನು ಮೂರು ಸಲ ಕೊಟ್ಟರೆ ಹತ್ತೂವರೆ ಗಂಟೆ. ಔಷಧಿ 2000 ಖರ್ಚಾದರೂ ಸಮಯ 1500ಕ್ಕಿಂತ ಕಡಿಮೆ!!

ವಾರ್ಡ್ ಫಾರ್ಮಸಿಸ್ಟ್

ಹೌದು, ಅದೇ. ಡೋಸ್ ಎರಡು ಪಟ್ಟು ಮಾಡಿದರೆ ಸಿಗುವುದು ಒಂದು ಹಾಫ್‌ಲೈಫ್ ಮಾತ್ರ. ಹಾಫ್‌ಲೈಫ್ ಚಿಕ್ಕದಾದಷ್ಟೂ ಡೋಸ್ ಏರಿಸುವುದರಿಂದ ಬರುವ ಲಾಭ ಚಿಕ್ಕದು. ಇಳಿಯುವ ದಾರಿಯ ಲೆಕ್ಕಕ್ಕೆ ಸೂತ್ರ ಬೇಕಿದ್ದರೆ, Cmax ಅಂದರೆ ತುದಿ, t½ ಅಂದರೆ ಹಾಫ್‌ಲೈಫ್:

```
t = t½ × ln(Cmax / MIC) / ln 2
```

ಸೂತ್ರ ಬರೆದರೂ ಅರ್ಧ ಮಾಡುತ್ತಾ ಹೋಗುವ ಆ ಸಾಲನ್ನು ಬಿಡಬೇಡಿ. ಓದುವವರಿಗೆ ಅರ್ಥ ಆಗುವುದು ಅದೇ. ಒಂದು ಎಚ್ಚರಿಕೆ, ಡೋಸ್ ಏರಿದಂತೆ ಕರುಳು ಅಮಾಕ್ಸಿಸಿಲಿನ್‌ ಅನ್ನು ಅದೇ ಪ್ರಮಾಣದಲ್ಲಿ ಹೀರುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ನಿಮ್ಮ 11.2 ಕೊಂಚ ಉದಾರವಾದ ಅಂಕಿ.

ರಾತ್ರಿಪಾಳಿ

ಮಕ್ಕಳ ವಾರ್ಡ್‌ನಲ್ಲಿ ನರ್ಸ್ ಆಗಿದ್ದೇನೆ. ಈ ಲೆಕ್ಕ ಓದಿ ಒಂದು ಅನುಮಾನ. ಕಿವಿ ಸೋಂಕಿನ ಮಕ್ಕಳಿಗೆ ಅಮಾಕ್ಸಿಸಿಲಿನ್ ದಿನಕ್ಕೆ ಒಟ್ಟು ಕೆಜಿಗೆ 80ರಿಂದ 90 ಮಿ.ಗ್ರಾಂ ಅಂತ ಬರೆಯುತ್ತಾರೆ, ಅದೂ ಎರಡೇ ಪಾಲು ಮಾಡಿ. ಸಮಯವೇ ಮುಖ್ಯ ಆದರೆ ಇದು ಉಲ್ಟಾ ಆಗಲಿಲ್ವಾ?

ವಾರ್ಡ್ ಫಾರ್ಮಸಿಸ್ಟ್

ಮೇಡಂ, ಈ ಒಂದು ಪ್ರಶ್ನೆಯಲ್ಲಿ ಇಡೀ ಅಸೈನ್‌ಮೆಂಟ್ ಇದೆ. ಅಲ್ಲಿ ಡೋಸ್ ಏರಿಸಿದ್ದು ರೆಸಿಸ್ಟೆನ್ಸ್ ಕಾರಣಕ್ಕೆ. ನ್ಯುಮೊಕಾಕಸ್ ಪೆನಿಸಿಲಿನ್ ಅನ್ನು ಒಡೆದು ಹಾಕುವುದಿಲ್ಲ. ಪಕ್ಕದ ಸ್ಟ್ರೆಪ್ಟೊಕಾಕಸ್‌ಗಳಿಂದ ಜೀನ್ ತುಂಡುಗಳನ್ನು ಎತ್ತಿಕೊಂಡು ತನ್ನ ಗೋಡೆ ಹೊಲಿಯುವ ಎಂಜೈಮ್‌ನ ಆಕಾರವನ್ನೇ ಬದಲಿಸುತ್ತದೆ. ಔಷಧಿ ಆಗ ಸರಿಯಾಗಿ ಕಚ್ಚುವುದಿಲ್ಲ, ಆದರೆ ಕಚ್ಚುವುದೇ ಇಲ್ಲ ಅಂತಲ್ಲ. ಎಂಐಸಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 1 ಇದ್ದದ್ದು 2 ಆದರೆ, 500 ಮಿ.ಗ್ರಾಂ ಲೆಕ್ಕದಲ್ಲಿ ನಮ್ಮ ಶೇ. 44 ಸುಮಾರು 31ಕ್ಕೆ ಬೀಳುತ್ತದೆ. ಡೋಸನ್ನೂ ಎರಡು ಪಟ್ಟು ಮಾಡಿ, ಮೂರು ಸಲವೇ ಕೊಡಿ, ಮತ್ತೆ 44. ತುದಿಗೂ ಎಂಐಸಿಗೂ ಇರುವ ಅನುಪಾತ ಹಳೆಯದೇ ಆಯಿತಲ್ಲ. ಹೀಗೆ ಕೆಲವು ಮೆಟ್ಟಿಲು ಬ್ಯಾಕ್ಟೀರಿಯಾ ಹಿಂದೆ ನಾವೂ ಹತ್ತಬಹುದು.

ಎರಡೇ ಪಾಲು ಯಾಕೆ ಅಂದರೆ, ದೊಡ್ಡ ಡೋಸ್‌ನಲ್ಲಿ ಶೇ. 40 ಹೇಗೋ ಮುಟ್ಟುತ್ತದೆ, ಕಿವಿಯ ಒಳಗಿನ ದ್ರವದಿಂದ ಔಷಧಿ ರಕ್ತಕ್ಕಿಂತ ನಿಧಾನವಾಗಿ ಖಾಲಿಯಾಗುತ್ತದೆ, ಮತ್ತೆ ಮಧ್ಯಾಹ್ನದ ಡೋಸ್ ತಪ್ಪುವುದು ಎಲ್ಲರಿಗಿಂತ ಜಾಸ್ತಿ ನಿಮಗೇ ಗೊತ್ತು. ಕೈಗೆ ಸಿಗುವ ಎರಡು ಡೋಸ್, ಕಾಗದದ ಮೇಲಿನ ಮೂರಕ್ಕಿಂತ ಮೇಲು.

ಪೆಟ್ರಿ ತಟ್ಟೆ

ಇದಕ್ಕೆ ನನ್ನದೊಂದು ಬಾಲ. ಅದೇ ಕಿವಿಯಲ್ಲಿ ನ್ಯುಮೊಕಾಕಸ್ ಬದಲು ಹಿಮೋಫಿಲಸ್ ಇದ್ದು, ಅದು ಬೀಟಾ-ಲ್ಯಾಕ್ಟಮೇಸ್ ಮಾಡುತ್ತಿದ್ದರೆ ಡೋಸ್ ಏರಿಸಿ ಪ್ರಯೋಜನ ಇಲ್ಲ. ಅಲ್ಲಿ ಎಂಜೈಮ್ ಔಷಧಿಯನ್ನು ಕತ್ತರಿಸಿ ಎಸೆಯುತ್ತದೆ, ಒಂದೊಂದು ಅಣುವೂ ಸಾಲಾಗಿ ಎಷ್ಟನ್ನೋ ಕತ್ತರಿಸುತ್ತದೆ. ಲ್ಯಾಬ್‌ನಲ್ಲಿ ಇದು ಗೊತ್ತಾಗುವ ರೀತಿ ಮಜವಾಗಿದೆ. ಪ್ರಮಾಣಿತ ಎಂಐಸಿ ಪರೀಕ್ಷೆಗೆ ಮಿಲಿಲೀಟರ್‌ಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ ಹಾಕುತ್ತೇವೆ. ಎಂಜೈಮ್ ಮಾಡುವ ತಳಿಯನ್ನು ನೂರು ಪಟ್ಟು ಜಾಸ್ತಿ ಹಾಕಿ ನೋಡಿ, ಎಂಐಸಿ ಎಲ್ಲಿಂದೆಲ್ಲಿಗೋ ಜಿಗಿಯುತ್ತದೆ. ಜನ ಜಾಸ್ತಿ ಆದಷ್ಟೂ ಕತ್ತರಿ ಜಾಸ್ತಿ. ಎಂಜೈಮ್ ಮಾಡದೆ ಆಕಾರ ಮಾತ್ರ ಬದಲಿಸಿದ ತಳಿಯಲ್ಲಿ ಅಷ್ಟು ಜಿಗಿತ ಇರುವುದಿಲ್ಲ. ಕತ್ತರಿಗೆ ಮದ್ದು ಕ್ಲಾವುಲನೇಟ್ ಸೇರಿಸುವುದು, ಅದು ಹೋಗಿ ಕತ್ತರಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಈ ಕತ್ತರಿ ಹೊಸದೇನಲ್ಲ. ಪೆನಿಸಿಲಿನ್ ಒಡೆಯುವ ಎಂಜೈಮ್ ಬಗ್ಗೆ ಅಬ್ರಹಾಂ ಮತ್ತು ಚೈನ್ ಬರೆದದ್ದು 1940ರಲ್ಲಿ. ಪೆನಿಸಿಲಿನ್ ಇನ್ನೂ ಔಷಧಿಯಾಗಿ ಬಳಕೆಗೆ ಬರುವ ಮೊದಲೇ!

ಕೌಂಟರ್ ಹಿಂದೆ

ಇಷ್ಟೆಲ್ಲಾ ಲೆಕ್ಕ ಯಾಕೆ? ರೆಸಿಸ್ಟೆನ್ಸ್ ಬರುವುದಕ್ಕೆ ಒಂದೇ ಕಾರಣ, ಜನ ಕೋರ್ಸ್ ಮಧ್ಯದಲ್ಲಿ ನಿಲ್ಲಿಸುತ್ತಾರೆ. ಪೂರ್ತಿ ಮುಗಿಸಿದರೆ ಎಲ್ಲಾ ಸಾಯುತ್ತವೆ, ಉಳಿಯಲು ಏನೂ ಇರುವುದಿಲ್ಲ. ಇದನ್ನು ಬರೆಯಮ್ಮ, ಮಾರ್ಕ್ಸ್ ಸಿಗುತ್ತದೆ.

ವಾರ್ಡ್ ಫಾರ್ಮಸಿಸ್ಟ್

ಸರ್, ಕ್ಷಯಕ್ಕೆ ನಿಮ್ಮ ಮಾತು ನೂರಕ್ಕೆ ನೂರು. ಅಲ್ಲಿ ನಿಧಾನವಾಗಿ ಬೆಳೆಯುವ, ಅಡಗಿ ಕೂರುವ ಬ್ಯಾಕ್ಟೀರಿಯಾ ಇದೆ. ಪೆಟ್ರಿ ತಟ್ಟೆಯವರು ಹೇಳಿದ ಹಾಗೆ ಪ್ರತಿ ಔಷಧಿಗೂ ಬಗ್ಗದ ಕೆಲವು ಮೊದಲೇ ಇರುತ್ತವೆ. ಅದಕ್ಕೇ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಒಟ್ಟು ಆರು ತಿಂಗಳು.

ಆದರೆ ಸಾಧಾರಣ ನ್ಯುಮೋನಿಯಾ ತಗೊಳ್ಳಿ. ಚೇತರಿಕೆ ಚೆನ್ನಾಗಿದ್ದರೆ 5 ದಿನದ ಕೋರ್ಸ್ ಉದ್ದ ಕೋರ್ಸ್‌ನಷ್ಟೇ ಕೆಲಸ ಮಾಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅಂಥವರಿಗೆ ಹತ್ತು ದಿನ ಕೊಟ್ಟರೆ ಉಳಿದ ಐದು ದಿನ ಔಷಧಿ ಯಾರ ಮೇಲೆ ಬೀಳುತ್ತದೆ? ಕರುಳಲ್ಲಿರುವ ಬಡಪಾಯಿ ಬ್ಯಾಕ್ಟೀರಿಯಾ ಮೇಲೆ. ಅಲ್ಲಿ ರೆಸಿಸ್ಟೆನ್ಸ್ ಜೀನ್‌ಗಳು ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಉಂಗುರಗಳ ಮೇಲೆ ಕೂತು ಒಂದರಿಂದ ಒಂದಕ್ಕೆ ದಾಟುತ್ತವೆ. ನಾಳೆ ಮೂತ್ರದ ಸೋಂಕು ತರುವುದು ಅದೇ ಕರುಳಿನ ಬ್ಯಾಕ್ಟೀರಿಯಾ. 2017ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು, "ಕೋರ್ಸ್ ಪೂರ್ತಿ ಮಾಡದಿದ್ದರೆ ರೆಸಿಸ್ಟೆನ್ಸ್" ಅನ್ನುವುದಕ್ಕೆ ಆಧಾರ ಇಲ್ಲ ಅಂತ. ದೊಡ್ಡ ಗಲಾಟೆಯೇ ಆಯಿತು.

ಕೌಂಟರ್ ಹಿಂದೆ

ಆ ಲೇಖನ ಬರೆದವರು ನನ್ನ ಕೌಂಟರಿನಲ್ಲಿ ಒಂದು ವಾರ ನಿಲ್ಲಲಿ. "ಹುಷಾರಾದ ಮೇಲೆ ನಿಲ್ಲಿಸಿ" ಅಂದರೆ ಒಂದೂವರೆ ದಿನಕ್ಕೆ ನಿಲ್ಲಿಸಿ, ಉಳಿದದ್ದನ್ನು ಡಬ್ಬಿಯಲ್ಲಿಟ್ಟು ಮುಂದಿನ ಸಲ ಮಗುವಿಗೆ ಕೊಡುತ್ತಾರೆ. ನಾನಂತೂ ಪೂರ್ತಿ ಮುಗಿಸಿ ಅಂತಲೇ ಹೇಳುವವನು.

ರಾತ್ರಿಪಾಳಿ

ಈ ವಿಷಯದಲ್ಲಿ ನಾನು ಕೌಂಟರ್ ಸರ್ ಪಕ್ಷ. ಬರೆದುಕೊಟ್ಟಷ್ಟು ದಿನ ತಗೊಳ್ಳಲಿ. ಕಡಿಮೆ ದಿನ ಸಾಕು ಅನಿಸಿದರೆ ಬರೆಯುವವರು ಕಡಿಮೆ ಬರೆಯಲಿ. ರೋಗಿ ಯಾಕೆ ತೀರ್ಮಾನ ಮಾಡಬೇಕು?

ವಾರ್ಡ್ ಫಾರ್ಮಸಿಸ್ಟ್

ರೋಗಿ ತೀರ್ಮಾನ ಮಾಡಲಿ ಅಂತ ನಾನೂ ಹೇಳಲಿಲ್ಲ. ಹತ್ತು ದಿನ ಅಂತ ಕೈ ಅಭ್ಯಾಸದಲ್ಲಿ ಬರೆಯುವುದು ನಿಲ್ಲಲಿ ಅಂದೆ. ಇರಲಿ, ಇದು ಇಲ್ಲಿ ಮುಗಿಯುವ ಜಗಳ ಅಲ್ಲ. ಜೆಂಟಾಮೈಸಿನ್ ಲೆಕ್ಕ ಎಲ್ಲಿ?

ಮೂರನೇ ವರ್ಷದವಳು

ಇಲ್ಲಿದೆ. ದಿನಕ್ಕೊಮ್ಮೆ ಕೆಜಿಗೆ 7 ಮಿ.ಗ್ರಾಂ ಅಂದರೆ 420. ಅದು ಹರಡುವ ಜಾಗ ಕೆಜಿಗೆ ಕಾಲು ಲೀಟರ್, 60 ಕೆಜಿಗೆ 15 ಲೀಟರ್. 420 ಭಾಗಿಸು 15, ತುದಿ 28 ಮಿ.ಗ್ರಾಂ/ಲೀಟರ್. ಎಂಐಸಿಯ 14 ಪಟ್ಟು. ತುದಿ ಎಂಐಸಿಯ 8ರಿಂದ 10 ಪಟ್ಟು ಇರಬೇಕು ಅಂತ ಓದಿದೆ, ಪಾಸ್.

ಅದನ್ನೇ ಮೂರು ಪಾಲು ಮಾಡಿದರೆ ಒಂದು ಡೋಸ್ 140. ತುದಿ 9.3. ಹಿಂದಿನ ಡೋಸ್‌ನಿಂದ ಉಳಿದ 1 ಸೇರಿಸಿದರೂ ಹತ್ತರ ಆಸುಪಾಸು, 5 ಪಟ್ಟು ಮಾತ್ರ. ಫೇಲ್. ಹಾಗಾಗಿ ದಿನಕ್ಕೊಮ್ಮೆ.

ಆದರೆ ನನ್ನ ಹಳೆಯ ಪ್ರಶ್ನೆ ಹಾಗೇ ಇದೆ. ಹಾಫ್‌ಲೈಫ್ 2.5 ಗಂಟೆ ಅಂದರೆ 28ರಿಂದ 2ಕ್ಕೆ ಇಳಿಯಲು ಒಂಬತ್ತೂವರೆ ಗಂಟೆ. ಉಳಿದ ಹದಿನಾಲ್ಕೂವರೆ ಗಂಟೆ ಎಂಐಸಿಗಿಂತ ಕೆಳಗೆ! "ಕೆಲವು ಗಂಟೆ ಮೇಲೇಳುವುದಿಲ್ಲ" ಅಂದಿರಿ. ಹದಿನಾಲ್ಕು ಗಂಟೆ ಮಲಗಿರುತ್ತದಾ?

ವಾರ್ಡ್ ಫಾರ್ಮಸಿಸ್ಟ್

ಮಲಗಿರುವುದಿಲ್ಲ. ಟೆಸ್ಟ್ ಟ್ಯೂಬ್‌ನಲ್ಲಿ ಆ ಮಂಪರು ಕೆಲವೇ ಗಂಟೆ. ದೇಹದಲ್ಲಿ ಅದಕ್ಕಿಂತ ಉದ್ದ, ಆದರೂ ಅದೊಂದರಿಂದಲೇ ಆ ಖಾಲಿ ಹೊತ್ತು ತುಂಬುವುದಿಲ್ಲ. ತುದಿ ಎತ್ತರ ಇದ್ದಾಗ ಬಹುಪಾಲು ಸತ್ತೇ ಹೋಗಿರುತ್ತವೆ. ಉಳಿದ ಕೆಲವನ್ನು ಬಿಳಿ ರಕ್ತಕಣ ನೋಡಿಕೊಳ್ಳುತ್ತವೆ. ಎಷ್ಟೋ ಸಲ ಜೊತೆಗೆ ಅಮಾಕ್ಸಿಸಿಲಿನ್ ತರಹದ ಬೀಟಾ-ಲ್ಯಾಕ್ಟಮ್ ಔಷಧಿ ಕೂಡ ಹೋಗುತ್ತಿರುತ್ತದೆ. ಬಿಳಿ ರಕ್ತಕಣ ತೀರಾ ಕಡಿಮೆ ಇರುವ ರೋಗಿಗೆ ಜೆಂಟಾಮೈಸಿನ್ ಒಂದನ್ನೇ ನಂಬಿ ಕೂರುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಆ ಖಾಲಿ ಹೊತ್ತಿಗೆ ಇನ್ನೊಂದು ಉಪಯೋಗ ಇದೆ, ಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಮೊದಲ ಏಟಿಗೆ ಬದುಕುಳಿದ ಬ್ಯಾಕ್ಟೀರಿಯಾ ಕೆಲವು ಗಂಟೆ ಬಾಗಿಲು ಬಿಗಿ ಮಾಡಿಕೊಳ್ಳುತ್ತದೆ, ಔಷಧಿ ಒಳಗೆ ಬಿಡುವುದಿಲ್ಲ. ಸ್ಯೂಡೊಮೊನಾಸ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇದು ಜೀನ್ ಬದಲಾದ ರೆಸಿಸ್ಟೆನ್ಸ್ ಅಲ್ಲ, ತಾತ್ಕಾಲಿಕ ಹಠ. 8 ಗಂಟೆಗೇ ಎರಡನೇ ಡೋಸ್ ಕೊಟ್ಟರೆ ಮುಚ್ಚಿದ ಬಾಗಿಲು ಬಡಿದಂತೆ. 24 ಗಂಟೆ ಬಿಟ್ಟರೆ ಬಾಗಿಲು ಮತ್ತೆ ಸಡಿಲವಾಗಿರುತ್ತದೆ.

ಕೌಂಟರ್ ಸರ್ ಹೇಳಿದ ಕಿಡ್ನಿಯೂ ಇಲ್ಲೇ ಬರುತ್ತದೆ. ಕಿಡ್ನಿಯ ನಳಿಕೆಯ ಕೋಶಗಳು ಜೆಂಟಾಮೈಸಿನ್ ಅನ್ನು ಒಂದು ಮಿತಿಯ ವೇಗದಲ್ಲಷ್ಟೇ ಹೀರಿಕೊಳ್ಳುತ್ತವೆ. ತುದಿ 28 ಇದ್ದರೂ 10 ಇದ್ದರೂ ಅವು ಎತ್ತಿಕೊಳ್ಳುವುದರಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ. ಆದರೆ ಇಡೀ ದಿನ ಸ್ವಲ್ಪ ಸ್ವಲ್ಪ ಇದ್ದರೆ ಇಡೀ ದಿನ ಹೀರುತ್ತಲೇ ಇರುತ್ತವೆ. ಹಾಗಾಗಿ ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿ 1ಕ್ಕಿಂತ ಕೆಳಗೆ ಬಂದಿರಬೇಕು ಅಂತ ನೋಡುತ್ತೇವೆ. ನಿಮ್ಮ ರೋಗಿಗೆ ಅದು ಹೆಚ್ಚುಕಡಿಮೆ ಸೊನ್ನೆ.

ಕಿಡ್ನಿ ಸೋತ ರೋಗಿಗೆ ಇಳಿಯುವ ವೇಗ ಕಡಿಮೆ. ಅಲ್ಲಿ ನಾನು ಮೊದಲು ಕೈ ಹಾಕುವುದು ಅಂತರಕ್ಕೆ, ಡೋಸ್‌ಗಲ್ಲ. ಡೋಸ್ ಇಳಿಸಿದರೆ ತುದಿಯೇ ಕುಸಿಯುತ್ತದೆ. 1995ರಲ್ಲಿ ಬಂದ ಹಾರ್ಟ್‌ಫರ್ಡ್ ಚಾರ್ಟ್ ಮಾಡುವುದು ಇದನ್ನೇ. ಕೆಜಿಗೆ 7 ಕೊಟ್ಟು, 6ರಿಂದ 14 ಗಂಟೆಯ ನಡುವೆ ಒಮ್ಮೆ ರಕ್ತ ತೆಗೆದು, ಮುಂದಿನ ಡೋಸ್ 24, 36 ಅಥವಾ 48 ಗಂಟೆಗೆ ಅಂತ ಹೇಳುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ. ಎಂಟರೊಕಾಕಸ್‌ನಿಂದ ಹೃದಯದ ಕವಾಟಕ್ಕೆ ಸೋಂಕಾದಾಗ ಜೆಂಟಾಮೈಸಿನ್ ಬರೀ ಜೊತೆಗಾರ, ಅಲ್ಲಿ ಚಿಕ್ಕ ಡೋಸ್‌ಗಳನ್ನು ಪಾಲು ಮಾಡಿ ಕೊಡುವ ರೂಢಿಯೇ ಜಾಸ್ತಿ.

ಪೆಟ್ರಿ ತಟ್ಟೆ

ಎಲ್ಲರೂ ಎಂಐಸಿ 2 ಅಂತ ಕಲ್ಲಿನಲ್ಲಿ ಕೆತ್ತಿದಂತೆ ಲೆಕ್ಕ ಹಾಕುತ್ತಿದ್ದೀರಿ. ಅದನ್ನು ಅಳೆಯುವವಳು ನಾನು. ಸಾಲಾಗಿ ಟ್ಯೂಬ್ ಇಟ್ಟು, ಒಂದಕ್ಕಿಂತ ಒಂದರಲ್ಲಿ ಎರಡು ಪಟ್ಟು ಔಷಧಿ ಹಾಕುತ್ತೇವೆ. 0.5, 1, 2, 4. ರಾತ್ರಿ ಕಳೆದು ಮಸುಕು ಇಲ್ಲದವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಔಷಧಿ ಇರುವುದೇ ಎಂಐಸಿ. ನಡುವಿನ ಅಂಕಿ ನಮಗೆ ಕಾಣುವುದೇ ಇಲ್ಲ. ಅದೇ ತಳಿಯನ್ನು ನಾಳೆ ಮತ್ತೆ ಮಾಡಿದರೆ ಒಂದು ಟ್ಯೂಬ್ ಆಚೆ ಈಚೆ ಆಗುವುದು ಮಾಮೂಲು, ಅದನ್ನು ತಪ್ಪು ಅಂತ ಎಣಿಸುವುದೂ ಇಲ್ಲ. 2 ಅಂತ ಬರೆದದ್ದು ನಾಳೆ 4 ಆಗಬಹುದು.

ಮೂರನೇ ವರ್ಷದವಳು

4 ಆದರೆ 28 ಭಾಗಿಸು 4, ಏಳು ಪಟ್ಟು. ಎಂಟಕ್ಕೂ ಕಡಿಮೆ. ಅಯ್ಯೋ, ಫೇಲ್!

ವಾರ್ಡ್ ಫಾರ್ಮಸಿಸ್ಟ್

ನಿಮ್ಮ 28 ಕೂಡ ಔಷಧಿ ಒಂದೇ ಕ್ಷಣದಲ್ಲಿ ಮೈಯೆಲ್ಲ ಹರಡಿತು ಅಂತ ಹಾಕಿದ ಲೆಕ್ಕ. ಡ್ರಿಪ್‌ನಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಹೋಗುವಷ್ಟರಲ್ಲೇ ಸ್ವಲ್ಪ ಹೊರಗೆ ಬಿದ್ದಿರುತ್ತದೆ. ನಿಜವಾಗಿ ಅಳೆದರೆ ಅದಕ್ಕಿಂತ ಕೆಳಗೇ ಸಿಗುತ್ತದೆ. ಐಸಿಯು ರೋಗಿಯ ಮೈಯಲ್ಲಿ ನೀರು ತುಂಬಿದ್ದರೆ 15 ಲೀಟರ್ 20 ಆಗಿಬಿಡುತ್ತದೆ, ತುದಿ 21. ಎಂಐಸಿ 4 ಅಂದರೆ ನಾನಾಗಿದ್ದರೆ ಬೇರೆ ಔಷಧಿ ಕೇಳುತ್ತಿದ್ದೆ. 2ಕ್ಕೂ 4ಕ್ಕೂ ಎರಡೂ ಉತ್ತರ ಬರೆಯಿರಿ, ಕಾರಣವನ್ನೂ ಬರೆಯಿರಿ.

ಕೌಂಟರ್ ಹಿಂದೆ

ಕಿಡ್ನಿ ಅಂತ ಮೊದಲು ಹೇಳಿದ್ದು ನಾನೇ, ನೆನಪಿರಲಿ.

ಮೂರನೇ ವರ್ಷದವಳು

ನೆನಪಿದೆ ಸರ್ 😄 ಬರೆದೆ. ನಾಲ್ಕು ಪುಟ ಮೀರಬಾರದು ಅಂದಿದ್ದಾರೆ, ಆರಾಗಿದೆ. ಮಖಮಲ್ ಬಟ್ಟೆಯ ಚಿತ್ರ ಇಡಲಾ, ಅಮಾಕ್ಸಿಸಿಲಿನ್ 1000ದ ಲೆಕ್ಕ ಇಡಲಾ? ಒಂದನ್ನು ತೆಗೆಯಲೇಬೇಕು.

ಪೆಟ್ರಿ ತಟ್ಟೆ

ಚಿತ್ರ!

ವಾರ್ಡ್ ಫಾರ್ಮಸಿಸ್ಟ್

ಲೆಕ್ಕ.